ಎರಡು ಅರ್ಜಿಪತ್ರಗಳಿವೆ, ಯಾವುದನ್ನು ಕಳುಹಿಸಲಿ? (ಲೆಕ್ಕ ಸಹಾಯಕಿ ಹುದ್ದೆ, ಹುಬ್ಬಳ್ಳಿ)

ಗದಗಿನ_ಹುಡುಗಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ವಾಲ್ವ್ ಬಿಡಿಭಾಗಗಳ ಘಟಕವೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಜಾಹೀರಾತಿನಲ್ಲಿ ಇಷ್ಟೇ ಇದೆ: "ಲೆಕ್ಕ ಸಹಾಯಕರು ಬೇಕಾಗಿದ್ದಾರೆ. ಬಿ.ಕಾಂ., ಮೂರು ವರ್ಷ ಅನುಭವ. ಟ್ಯಾಲಿ, ಜಿಎಸ್‌ಟಿ, ಜಾಬ್ ವರ್ಕ್ ಚಲನ್‌ಗಳ ಲೆಕ್ಕ ತಿಳಿದಿರಬೇಕು. ಕನ್ನಡದಲ್ಲಿ ಪತ್ರ ವ್ಯವಹಾರ ಬರಬೇಕು. ಅರ್ಜಿಪತ್ರವನ್ನು ಕನ್ನಡದಲ್ಲೇ ಬರೆದು ಬಯೋಡೇಟಾ ಜೊತೆ ಇಮೇಲ್ ಮಾಡಿ."

ಮೊದಲನೆಯದನ್ನು ನಾನೇ ಬರೆದೆ. ಎರಡನೆಯದು ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತಿದ್ದಿ ಕೊಟ್ಟದ್ದು. ಮನೆಯಲ್ಲಿ ಎಲ್ಲರೂ ಎರಡನೆಯದೇ ಚೆನ್ನಾಗಿದೆ ಎನ್ನುತ್ತಿದ್ದಾರೆ. ಆದರೆ ಅದನ್ನು ಓದಿದರೆ ಬೇರೆ ಯಾರದೋ ಪತ್ರ ಓದಿದಂತೆ ಅನಿಸುತ್ತದೆ. ಕೆಲಸಕ್ಕೆ ಜನರನ್ನು ಆರಿಸಿದ ಅನುಭವ ಇರುವವರು ದಯವಿಟ್ಟು ಅವರ ಕಣ್ಣಿನಿಂದ ನೋಡಿ ಹೇಳಿ.

ಮೊದಲನೆಯದು:

> ಮಾನ್ಯರೇ,
> ತಮ್ಮ ಪ್ರತಿಷ್ಠಿತ ಸಂಸ್ಥೆಯ ಜಾಹೀರಾತನ್ನು ನೋಡಿ ಅತ್ಯಂತ ಸಂತೋಷದಿಂದ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ನಾನು ಬಿ.ಕಾಂ. ಪದವೀಧರೆ. ಚಿಕ್ಕಂದಿನಿಂದಲೂ ಲೆಕ್ಕದಲ್ಲಿ ಆಸಕ್ತಿ. ಪ್ರಾಮಾಣಿಕತೆ, ಪರಿಶ್ರಮ ಮತ್ತು ಸಮಯಪಾಲನೆ ನನ್ನ ಗುಣಗಳು.
> ಗದಗಿನ ಹಾರ್ಡ್‌ವೇರ್ ಸಗಟು ಮಳಿಗೆಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಸಹಾಯಕಿಯಾಗಿದ್ದೆ. ಟ್ಯಾಲಿಯಲ್ಲಿ ಖರೀದಿ, ಮಾರಾಟದ ನಮೂದು, ಬ್ಯಾಂಕ್ ತಾಳೆ ಹಾಗೂ ಜಿಎಸ್‌ಟಿಗೆ ಸಂಬಂಧಿಸಿದ ಎಲ್ಲ ಕೆಲಸಗಳನ್ನು ಮಾಡಿದ್ದೇನೆ. ಒಮ್ಮೆ ಒಬ್ಬ ಸರಬರಾಜುದಾರರ ಏಳು ಬಿಲ್‌ಗಳು ಜಿಎಸ್‌ಟಿ ಪೋರ್ಟಲ್‌ನ ನಮ್ಮ 2ಬಿ ಪಟ್ಟಿಯಲ್ಲಿ ಬಾರದಿದ್ದುದನ್ನು ಗಮನಿಸಿ ಅವರ ಲೆಕ್ಕದವರಿಗೆ ಫೋನ್ ಮಾಡಿದೆ. ಅವರು ಬೇರೊಂದು ಅಂಗಡಿಯ ಜಿಎಸ್‌ಟಿ ಸಂಖ್ಯೆ ಹಾಕಿದ್ದರು. ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದಿಸಿದ ಮೇಲೆ 41,300 ರೂಪಾಯಿ ತೆರಿಗೆ ಜಮೆ ನಮಗೆ ಬಂದಿತು.
> ಕುಟುಂಬದಲ್ಲಿ ಅನಾರೋಗ್ಯ ಹಾಗೂ ಅನೇಕ ಕಷ್ಟಗಳ ಕಾರಣ ಕಳೆದ 14 ತಿಂಗಳಿಂದ ಕೆಲಸದಲ್ಲಿ ಇಲ್ಲ. ದಯವಿಟ್ಟು ಒಂದು ಅವಕಾಶ ಕೊಟ್ಟರೆ ಸದಾ ಋಣಿಯಾಗಿರುತ್ತೇನೆ.
> ತಮ್ಮ ವಿಧೇಯಳು

ಎರಡನೆಯದು:

> ವಿಷಯ: ಲೆಕ್ಕ ಸಹಾಯಕಿ ಹುದ್ದೆಗೆ ಅರ್ಜಿ
> ಮಾನ್ಯರೇ,
> ಜೂನ್ 2020ರಿಂದ ಲೆಕ್ಕಪತ್ರ ಕ್ಷೇತ್ರದಲ್ಲಿ ಐದು ವರ್ಷಗಳ ಅನುಭವ ಹೊಂದಿರುವ, ಫಲಿತಾಂಶಕ್ಕೆ ಒತ್ತು ನೀಡುವ ಲೆಕ್ಕ ಸಹಾಯಕಿ ನಾನು.
> ತಿಂಗಳಿಗೆ ಸುಮಾರು 600 ಬಿಲ್‌ಗಳನ್ನು ಶೇ. 100 ನಿಖರತೆಯೊಂದಿಗೆ ಟ್ಯಾಲಿಯಲ್ಲಿ ನಮೂದಿಸಿದ್ದೇನೆ. ಜಿಎಸ್‌ಟಿ ರಿಟರ್ನ್‌ಗಳನ್ನು ಸ್ವತಂತ್ರವಾಗಿ ಸಲ್ಲಿಸಿದ್ದೇನೆ. ಬಾಕಿ ವಸೂಲಿಯನ್ನು ಶೇ. 30ರಷ್ಟು ಸುಧಾರಿಸಿದ್ದೇನೆ.
> ನಿಮ್ಮ ಸಂಸ್ಥೆಯ ಬೆಳವಣಿಗೆಗೆ ನನ್ನ ಕೌಶಲಗಳು ಮೌಲ್ಯ ಸೇರಿಸಬಲ್ಲವು. ತಕ್ಷಣ ಸೇರಲು ಸಿದ್ಧಳಿದ್ದೇನೆ. ಸಂದರ್ಶನಕ್ಕೆ ಕರೆದರೆ ವಿವರವಾಗಿ ಮಾತನಾಡಬಹುದು.

ಚಹಾ_ಒಂದೂವರೆ

ಎರಡನೆಯದು. ಯೋಚನೆಯೇ ಬೇಡ.

ವೈಟ್‌ಫೀಲ್ಡ್_ವಾಸಿ

ನಾನು ಎಂಟು ವರ್ಷದಿಂದ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಎರಡನೆಯದಕ್ಕೇ ನನ್ನ ಮತ. ಕಾರಣ ಸರಳ: ಅರ್ಜಿ ನೋಡುವವರು ಒಂದೊಂದಕ್ಕೆ ಆರೇಳು ಸೆಕೆಂಡ್ ಕೊಡುತ್ತಾರೆ. ಅಷ್ಟರಲ್ಲಿ ಕಣ್ಣಿಗೆ ಅಂಕಿ ಬೀಳಬೇಕು. ಎರಡನೆಯದರಲ್ಲಿ ಐದು, 600, 100, 30 ಎಲ್ಲ ಇವೆ. ಮೊದಲನೆಯದು ಶಾಲೆಯಲ್ಲಿ ರಜೆ ಕೇಳಿ ಬರೆದ ಪತ್ರದಂತಿದೆ. "ಸದಾ ಋಣಿ", "ವಿಧೇಯಳು" ಇವನ್ನು ಓದಿದರೆ ಸಂಬಳ ಕಡಿಮೆ ಕೊಟ್ಟರೂ ಬರುತ್ತಾಳೆ ಎಂದು ಲೆಕ್ಕ ಹಾಕುತ್ತಾರೆ.

ಹಳೇ_ಮಾಸ್ತರ್

ರಜೆ ಪತ್ರ ಬರೆಯಲು ಕಲಿಸಿದವನು ನಾನೇ, ಹಾಗಾಗಿ ಸ್ವಲ್ಪ ನೋವಾಯಿತು. "ತಮ್ಮ ವಿಧೇಯ" ಎಂಬುದು ಪತ್ರದ ರೀತಿ, ಗುಲಾಮಗಿರಿಯಲ್ಲ. ಆದರೆ "ಪ್ರತಿಷ್ಠಿತ ಸಂಸ್ಥೆ" ಎಂದು ಹೆಸರನ್ನೇ ಹೇಳದ ಜಾಹೀರಾತಿಗೆ ಬರೆಯುವುದು ವಿಚಿತ್ರ ಎಂಬುದನ್ನು ಒಪ್ಪುತ್ತೇನೆ. ಎರಡನೆಯದರ "ಮೌಲ್ಯ ಸೇರಿಸಬಲ್ಲವು" ಯಾವ ಊರಿನ ಕನ್ನಡ?

ರಾಣೆಬೆನ್ನೂರು_ಅಪ್ಪ

ನನ್ನ ಮಗ ಡಿಪ್ಲೊಮಾ ಮುಗಿಸಿದ್ದಾನೆ. ಅವನಿಗೂ ಎರಡು ಕಡೆ ಅರ್ಜಿ ಹಾಕಬೇಕು. ಎರಡು ಕಡೆಗೂ ಬೇರೆ ಬೇರೆ ಪತ್ರ ಬೇಕೋ, ಒಂದೇ ಸಾಕೋ? ಇಲ್ಲಿ ಅದೇ ವಿಷಯ ನಡೆಯುತ್ತಿದೆ ಎಂದುಕೊಂಡು ಕೇಳುತ್ತಿದ್ದೇನೆ.

ಚಹಾ_ಒಂದೂವರೆ

ಅಪ್ಪಾಜಿ, ಇಲ್ಲಿ ಒಂದೇ ಕಡೆಗೆ ಎರಡು ಪತ್ರ. ನಿಮ್ಮದು ಎರಡು ಕಡೆಗೆ ಒಂದು ಪತ್ರ.

ಕಿರ್ದಿ_ಖಾತೆ

ಬೆಳಗಾವಿಯಲ್ಲಿ ಎರಕದ ಘಟಕವೊಂದರ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷವಾಯಿತು. ಸಹಾಯಕರನ್ನು ಆರಿಸುವ ಕೆಲಸ ನನ್ನದೇ. ಇಂಥದ್ದೇ ಹುದ್ದೆಗೆ ಹೋದ ವರ್ಷ 38 ಅರ್ಜಿ ಬಂದಿದ್ದವು. ಸಾವಿರ ಅರ್ಜಿ ಬರುವ ಕಡೆ ಆರು ಸೆಕೆಂಡಿನ ಮಾತು ನಿಜವಿರಬಹುದು. ನಾನಂತೂ ಮಧ್ಯಾಹ್ನದ ಊಟವಾದ ಮೇಲೆ ಕುಳಿತು ಎಲ್ಲವನ್ನೂ ಪೂರ್ತಿ ಓದಿದೆ. ತಪ್ಪು ಆಳನ್ನು ತೆಗೆದುಕೊಂಡರೆ ವರ್ಷವಿಡೀ ಅವರ ತಪ್ಪು ತಿದ್ದುತ್ತಾ ಕೂರುವವಳು ನಾನೇ ತಾನೇ.

ನಾನು ಓದುವ ರೀತಿ ಹೀಗೆ. ಒಂದು ಕಡೆ ಜಾಹೀರಾತು, ಇನ್ನೊಂದು ಕಡೆ ಪತ್ರ. ನಾನು ಕೇಳಿದ್ದಕ್ಕೆ ಪತ್ರದಲ್ಲಿ ಉತ್ತರ ಎಲ್ಲಿದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತೇನೆ. ಆಮೇಲೆ ಗೆರೆ ಎಳೆದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದನ್ನು ಸಂದರ್ಶನದಲ್ಲಿ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದೇ?

ನಿಮ್ಮ ಎರಡನೆಯ ಪತ್ರದಲ್ಲಿ 600 ಬಿಲ್ ಎಂಬುದು ಒಳ್ಳೆಯ ಅಂಕಿ. ತಿಂಗಳಿಗೆ 25 ದಿನ ಎಂದರೆ ದಿನಕ್ಕೆ 24 ಬಿಲ್. ಒಬ್ಬರು ಮಾಡುವಂಥ ಕೆಲಸವೇ. ಅಂಗಡಿಯ ಗಾತ್ರವೂ ಅದರಿಂದ ಗೊತ್ತಾಯಿತು. ಆದರೆ "ಶೇ. 100 ನಿಖರತೆ" ಎಂದು ಓದಿದ ಕೂಡಲೇ ನನ್ನ ಪೆನ್ಸಿಲ್ ನಿಂತಿತು. ನಾಲ್ಕು ವರ್ಷ ಲೆಕ್ಕ ಬರೆದು ಒಂದೂ ತಪ್ಪು ಮಾಡಲಿಲ್ಲ ಎನ್ನುವವರು ತಮ್ಮ ತಪ್ಪನ್ನು ನೋಡಿಲ್ಲ ಎಂದಷ್ಟೇ ಅರ್ಥ. ಶೇ. 30 ವಸೂಲಿ, ಯಾವುದರ ಶೇ. 30? ಮೊತ್ತವೋ, ದಿನಗಳೋ, ಗಿರಾಕಿಗಳೋ? ಕೇಳಿದರೆ ನಿಮಗೆ ಉತ್ತರ ಗೊತ್ತಿದೆಯೇ?

ಮೊದಲನೆಯ ಪತ್ರದ ಮುಕ್ಕಾಲು ಭಾಗ ತೌಡು. ಆದರೆ ಆ ಏಳು ಬಿಲ್‌ಗಳ ವಾಕ್ಯ ಇದೆಯಲ್ಲ, ಅದೊಂದಕ್ಕಾಗಿ ನಾನು ನಿಮ್ಮನ್ನು ಕರೆಯುತ್ತಿದ್ದೆ.

ಟ್ಯಾಲಿ_ಪಂಡಿತ

ಸರ್, ಕ್ಷಮಿಸಿ, ಅದರಲ್ಲಿ ಅಂಥದ್ದೇನಿದೆ? 2ಬಿ ತಾಳೆಯನ್ನು ಈಗ ಟ್ಯಾಲಿ ಪ್ರೈಮ್ ತಾನೇ ಮಾಡಿ ತೋರಿಸುತ್ತದೆ. ಫೈಲ್ ಇಳಿಸಿಕೊಂಡು ಹಾಕಿದರೆ ಹೊಂದದ ಬಿಲ್‌ಗಳೆಲ್ಲ ಪಟ್ಟಿಯಾಗಿ ಬರುತ್ತವೆ. 41,300 ರೂಪಾಯಿ ದೊಡ್ಡ ಮೊತ್ತವೂ ಅಲ್ಲ. ನಾನಾಗಿದ್ದರೆ "ಲಕ್ಷಾಂತರ ರೂಪಾಯಿ ಉಳಿಸಿದೆ" ಎಂದು ಬರೆಯುತ್ತಿದ್ದೆ.

ಕಿರ್ದಿ_ಖಾತೆ

ಮೊದಲಿಗೆ, ನಾನು ಸರ್ ಅಲ್ಲ, ಮೇಡಂ. ಮೇಲೆ "ಕೂರುವವಳು ನಾನೇ" ಎಂದೇ ಬರೆದಿದ್ದೆ.

ಹೊಂದದ ಬಿಲ್ ಯಾವುದು ಎಂದು ಸಾಫ್ಟ್‌ವೇರ್ ತೋರಿಸುತ್ತದೆ, ನಿಜ. ಏಕೆ ಹೊಂದಲಿಲ್ಲ ಎಂದು ಅದು ಫೋನ್ ಮಾಡಿ ಕೇಳುವುದಿಲ್ಲ. ನನ್ನ ವಿಭಾಗದಲ್ಲಿ ಪ್ರತಿ ತಿಂಗಳು 14ನೇ ತಾರೀಖು 2ಬಿ ಬಂದ ಮೇಲೆ 20ರೊಳಗೆ 3ಬಿ ರಿಟರ್ನ್ ಹಾಕಬೇಕು. ನಡುವೆ ಇರುವ ಆರು ದಿನ ಪೂರ್ತಿ ಫೋನ್‌ನಲ್ಲೇ ಹೋಗುತ್ತವೆ. 2ಬಿಯಲ್ಲಿ ಬಾರದ ಬಿಲ್‌ಗೆ 2022ರ ಜನವರಿಯಿಂದ ಜಮೆ ತೆಗೆದುಕೊಳ್ಳುವಂತೆಯೇ ಇಲ್ಲ. ಹಾಗಾಗಿ ಆ ಫೋನ್ ಮಾಡಲು ನಾಚಿಕೊಳ್ಳದ, ಎದುರಿನವರ ತಪ್ಪನ್ನು ಜಗಳವಿಲ್ಲದೆ ತಿದ್ದಿಸುವ ಆಳು ನನಗೆ ಬೇಕು.

ಈ ಹುಡುಗಿ ಆ ವಾಕ್ಯದಲ್ಲಿ ಏನು ಹೇಳಿದ್ದಾಳೆ ನೋಡಿ. ಬಾರದ್ದನ್ನು ಕಂಡೆ, ಯಾರಿಗೆ ಕೇಳಬೇಕೋ ಅವರಿಗೆ ಕೇಳಿದೆ, ಕಾರಣ ಇದಾಗಿತ್ತು, ಮುಂದಿನ ತಿಂಗಳು ತಿದ್ದಿಸಿದೆ, ಇಷ್ಟು ಬಂತು. ಮಾಡಿದವರಿಗೆ ಮಾತ್ರ ಗೊತ್ತಿರುವ ವಿವರ. ಮೊತ್ತ ಚಿಕ್ಕದಾಗಿರುವುದರಿಂದಲೇ ನಂಬಿಕೆ ಬರುತ್ತದೆ. "ಲಕ್ಷಾಂತರ" ಎಂದಿದ್ದರೆ ಅದನ್ನೂ ಶೇ. 30ರ ಪಕ್ಕಕ್ಕೆ ಇಡುತ್ತಿದ್ದೆ.

ನಿಂಬೆಹುಳಿ

ಒಂದು ವಿಷಯ ಯಾರೂ ಕೇಳಲಿಲ್ಲ. ಮೊದಲನೆಯದರಲ್ಲಿ ನಾಲ್ಕು ವರ್ಷ, ಎರಡನೆಯದರಲ್ಲಿ ಐದು ವರ್ಷ. ಯಾವುದು ಸರಿ?

ಗದಗಿನ_ಹುಡುಗಿ

ನಾಲ್ಕೇ ಸರಿ. ಜೂನ್ 2020ರಿಂದ ಮೇ 2024ರವರೆಗೆ. ಅಪ್ಪನಿಗೆ ಪಾರ್ಶ್ವವಾಯು ಆದಾಗ ಬಿಟ್ಟೆ. "2020ರಿಂದ ಈ ಕ್ಷೇತ್ರದಲ್ಲಿದ್ದೀಯ ಅಲ್ಲವೇ, ಸುಳ್ಳೇನಲ್ಲ" ಎಂದು ಅಣ್ಣ ಐದು ಮಾಡಿದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ರಿಟರ್ನ್ ಸಲ್ಲಿಸುತ್ತಿದ್ದವರು ನಮ್ಮ ಲೆಕ್ಕ ಪರಿಶೋಧಕರು. ನಾನು ಪ್ರತಿ ತಿಂಗಳು ಮಾರಾಟ, ಖರೀದಿಯ ಪಟ್ಟಿ ಸಿದ್ಧಪಡಿಸಿ, 2ಬಿ ಜೊತೆ ತಾಳೆ ನೋಡಿ ಕೊಡುತ್ತಿದ್ದೆ. ಪೋರ್ಟಲ್‌ನಲ್ಲಿ ನಾನೇ ಒತ್ತಿ ಸಲ್ಲಿಸಿದ್ದು ಇಲ್ಲ. ಶೇ. 30 ಎಲ್ಲಿಂದ ಬಂತೋ ನನಗೂ ಗೊತ್ತಿಲ್ಲ.

ನಿಂಬೆಹುಳಿ

ಹಾಗಾದರೆ ಎರಡನೆಯ ಪತ್ರದ ನಾಲ್ಕು ಅಂಕಿಗಳಲ್ಲಿ ಒಂದು ನಿಂತಿತು, ಮೂರು ಬಿದ್ದವು.

ಕಿರ್ದಿ_ಖಾತೆ

ತಂಗಿ, ಇದನ್ನು ಹೇಳಿದ್ದು ಒಳ್ಳೆಯದಾಯಿತು. ಆ ಪತ್ರ ನನ್ನ ಮೇಜಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದರೆ, ಪತ್ರದಲ್ಲಿ ಐದು ವರ್ಷ ಓದಿ ಬಯೋಡೇಟಾ ತೆರೆಯುತ್ತೇನೆ. ಅಲ್ಲಿ ಮೇ 2024ಕ್ಕೆ ಕೆಲಸ ಮುಗಿದಿದೆ. ಲೆಕ್ಕ ಬರೆಯುವ ಹುದ್ದೆಗೆ ಅರ್ಜಿ ಹಾಕಿದವರ ಎರಡು ಕಾಗದಗಳೇ ತಾಳೆಯಾಗುತ್ತಿಲ್ಲ! ಅಲ್ಲಿಗೆ ಮುಗಿಯಿತು. ಅದರಲ್ಲೂ ಜಾಹೀರಾತು ಕೇಳಿದ್ದು ಮೂರು ವರ್ಷ. ನಿಮ್ಮ ಹತ್ತಿರ ನಾಲ್ಕಿದೆ. ಬೇಕಾದ್ದಕ್ಕಿಂತ ಹೆಚ್ಚೇ ಇದ್ದೂ ಐದು ಎಂದು ಹೇಳಿ ಸಿಕ್ಕಿಬೀಳುವುದು ಯಾವ ಲಾಭಕ್ಕೆ?

"ಸ್ವತಂತ್ರವಾಗಿ ಸಲ್ಲಿಸಿದ್ದೇನೆ" ಕೂಡ ಹಾಗೆಯೇ. ಸಂದರ್ಶನದಲ್ಲಿ ನನ್ನ ಮೊದಲ ಪ್ರಶ್ನೆ "3ಬಿಯಲ್ಲಿ ಜಮೆಯನ್ನು ವಾಪಸ್ ಮಾಡಬೇಕಾದರೆ ಎಲ್ಲಿ ತೋರಿಸುತ್ತೀರಿ" ಎಂದಿರುತ್ತದೆ. ಪಟ್ಟಿ ಮಾಡಿ ಕೊಟ್ಟವರಿಗೆ ಅದು ಗೊತ್ತಿಲ್ಲದಿದ್ದರೆ ತಪ್ಪಲ್ಲ. ಸಲ್ಲಿಸಿದ್ದೇನೆ ಎಂದವರಿಗೆ ಗೊತ್ತಿಲ್ಲದಿದ್ದರೆ ತಪ್ಪು.

ವೈಟ್‌ಫೀಲ್ಡ್_ವಾಸಿ

ಮೇಡಂ ಹೇಳಿದ ಮೇಲೆ ಐದು ವರ್ಷದ ವಿಷಯ ಬಿಟ್ಟುಕೊಡುತ್ತೇನೆ, ಅದನ್ನು ನಾನು ಗಮನಿಸಬೇಕಿತ್ತು. ಆದರೂ ಪತ್ರದ ಆಕಾರ ಎರಡನೆಯದೇ ಉತ್ತಮ: ವಿಷಯದ ಸಾಲು ಇದೆ, ಚಿಕ್ಕದಾಗಿದೆ, ಬೇಡಿಕೊಳ್ಳುವುದಿಲ್ಲ. ಮೊದಲನೆಯದರಲ್ಲಿ ಆ ಚಿನ್ನದಂಥ ವಾಕ್ಯ ಎಲ್ಲಿದೆ? ಎರಡನೆಯ ಪ್ಯಾರಾದ ಹೊಟ್ಟೆಯಲ್ಲಿ. ಅಲ್ಲಿಗೆ ಬರುವ ಮೊದಲು ಚಿಕ್ಕಂದಿನ ಆಸಕ್ತಿ, ಸಮಯಪಾಲನೆ ಎಲ್ಲ ದಾಟಬೇಕು. ಎಲ್ಲರೂ ಊಟವಾದ ಮೇಲೆ ಪೆನ್ಸಿಲ್ ಹಿಡಿದು ಕೂರುವುದಿಲ್ಲ.

ಕಿರ್ದಿ_ಖಾತೆ

ಇದನ್ನು ಒಪ್ಪಿದೆ. ಆ ವಾಕ್ಯ ಮೇಲೆ ಬರಬೇಕು.

ಆದರೆ ಇಷ್ಟು ಹೊತ್ತೂ ನನಗೆ ಕಾಡುತ್ತಿರುವುದು ಬೇರೆ. ಜಾಹೀರಾತಿನಲ್ಲಿ ಮೂರು ಕೆಲಸ ಹೇಳಿದ್ದಾರೆ: ಟ್ಯಾಲಿ, ಜಿಎಸ್‌ಟಿ, ಜಾಬ್ ವರ್ಕ್ ಚಲನ್. ಎರಡೂ ಪತ್ರಗಳಲ್ಲಿ ಮೂರನೆಯದಕ್ಕೆ ಒಂದು ಗೆರೆಯೂ ಎಳೆಯಲಾಗಲಿಲ್ಲ. ಯಾವುದು ಉತ್ತಮ ಎಂದು ನಾವಿಲ್ಲಿ ಜಗಳವಾಡುತ್ತಿದ್ದೇವೆ, ಎರಡೂ ಒಂದೇ ಗುಂಡಿಗೆ ಬಿದ್ದಿವೆ.

ಟ್ಯಾಲಿ ಬರುತ್ತದೆ ಎನ್ನುವವರು 38ರಲ್ಲಿ 38 ಮಂದಿ. ಜಿಎಸ್‌ಟಿ ಮೂವತ್ತು ಮಂದಿಗೆ ಬರುತ್ತದೆ. ಜಾಬ್ ವರ್ಕ್ ಎಂಬ ಪದವನ್ನು ಪತ್ರದಲ್ಲಿ ಬರೆದವರು ನನಗೆ ಸಿಕ್ಕಿದ್ದು ನಾಲ್ವರು. ವಾಲ್ವ್ ಘಟಕ ಎಂದರೆ ಎರಕ ಒಂದು ಕಡೆ, ತಿರುಗಣೆ ಕೆಲಸ ಇನ್ನೊಂದು ಕಡೆ, ಲೇಪನ ಮತ್ತೊಂದು ಕಡೆ. ಮಾಲು ಹೊರಗೆ ಹೋಗಿ ಬರುತ್ತಲೇ ಇರುತ್ತದೆ. ಎಷ್ಟು ಹೋಯಿತು, ಎಷ್ಟು ಬಂತು, ಯಾರ ಹತ್ತಿರ ಎಷ್ಟು ಉಳಿದಿದೆ ಎಂಬ ಲೆಕ್ಕ ತಪ್ಪಿದರೆ ಮಾಲೂ ಹೋಯಿತು, ತೆರಿಗೆಯೂ ಬಿತ್ತು. ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ ಕಳುಹಿಸಿದ ದಿನವೇ ಮಾರಿದಂತೆ ಎಂದು ಕಾನೂನು ಎಣಿಸುತ್ತದೆ. ಆ ಜಾಹೀರಾತು ಬರೆದವರಿಗೆ ಇದೇ ತಲೆನೋವು ಇರಬೇಕು, ಇಲ್ಲದಿದ್ದರೆ ನಾಲ್ಕು ಸಾಲಿನ ಜಾಹೀರಾತಿನಲ್ಲಿ ಅದನ್ನು ಹಾಕುತ್ತಿರಲಿಲ್ಲ.

ಇದರಲ್ಲಿ ನಿಮಗೆ ಏನೂ ಅನುಭವ ಇಲ್ಲವೇ?

ಗದಗಿನ_ಹುಡುಗಿ

ಇಲ್ಲ ಮೇಡಂ. ನಮ್ಮದು ಅಂಗಡಿ, ಕಾರ್ಖಾನೆ ಅಲ್ಲ. ಅದಕ್ಕೇ ಆ ವಿಷಯ ಎತ್ತದೆ ಸುಮ್ಮನಿದ್ದೆ.

ಟ್ಯಾಲಿ_ಪಂಡಿತ

ಐಟಿಸಿ-04 ಎಂಬ ಫಾರಂ ಇದೆ, ಮೂರು ತಿಂಗಳಿಗೊಮ್ಮೆ ಹಾಕಬೇಕು. "ಐಟಿಸಿ-04 ಬರುತ್ತದೆ" ಎಂದು ಬರೆದುಬಿಡಿ. ಯೂಟ್ಯೂಬ್ ನೋಡಿ ಒಂದು ಸಂಜೆಯಲ್ಲಿ ಕಲಿಯಬಹುದು.

ಪರಿಶೋಧಕರ_ಪಕ್ಕದಮನೆ

ಮೂರು ತಿಂಗಳಿಗೊಮ್ಮೆ ಎಂಬುದು ಹಳೆಯ ಮಾತು. 2021ರ ಅಕ್ಟೋಬರ್‌ನಿಂದ ವಹಿವಾಟು ಐದು ಕೋಟಿ ರೂಪಾಯಿಗಿಂತ ಹೆಚ್ಚಿದ್ದರೆ ಆರು ತಿಂಗಳಿಗೊಮ್ಮೆ, ಅದರೊಳಗಿದ್ದರೆ ವರ್ಷಕ್ಕೊಮ್ಮೆ. ಪತ್ರದಲ್ಲಿ ಅದನ್ನು ಬರೆದು ಸಂದರ್ಶನದಲ್ಲಿ ಮೂರು ತಿಂಗಳು ಎಂದರೆ ಅಲ್ಲಿಗೆ ಮಂಗಳಾರತಿ.

ಶಿರಸಿ_ಮಳೆ

ನನಗೆ ಲೆಕ್ಕ ಗೊತ್ತಿಲ್ಲ, ಆದರೆ ಹಾರ್ಡ್‌ವೇರ್ ಅಂಗಡಿ ಗೊತ್ತು. ನಮ್ಮ ಮಾವನದೂ ಇದೆ. ಅವರು ಕಿಟಕಿ ಗ್ರಿಲ್‌ಗಳನ್ನು ಬಣ್ಣ ಹಾಕಿಸಲು ಹೊರಗೆ ಕಳುಹಿಸುತ್ತಾರೆ. ನಿಮ್ಮ ಅಂಗಡಿಯಲ್ಲಿ ಅಂಥದ್ದೇನೂ ಇರಲಿಲ್ಲವೇ ಅಕ್ಕಾ?

ಗದಗಿನ_ಹುಡುಗಿ

ಇತ್ತು! ಗ್ರಿಲ್, ಗೇಟುಗಳನ್ನು ಪೌಡರ್ ಕೋಟಿಂಗ್‌ಗೆ ಹುಬ್ಬಳ್ಳಿಗೆ ಕಳುಹಿಸುತ್ತಿದ್ದೆವು. ತಿಂಗಳಿಗೆ ನಾಲ್ಕೈದು ಸಲ ಟೆಂಪೊ ಹೋಗುತ್ತಿತ್ತು. ಡೆಲಿವರಿ ಚಲನ್ ನಾನೇ ಬರೆಯುತ್ತಿದ್ದೆ. ತುಂಡುಗಳು ಎಲ್ಲಿ ಕಳೆಯುತ್ತವೆ ಎಂದು ತಿಳಿಯದೆ ಮಾಲೀಕರು ಕೂಗಾಡುತ್ತಿದ್ದರು ಎಂದು ಒಂದು ನೋಟ್‌ಬುಕ್ ಶುರು ಮಾಡಿದೆ. ತಾರೀಖು, ಚಲನ್ ಸಂಖ್ಯೆ, ಹೋದ ತುಂಡು, ಬಂದ ತುಂಡು, ಬಾಕಿ. ಒಮ್ಮೆ 12 ಗ್ರಿಲ್ ಅವರ ಹತ್ತಿರವೇ ಮೂರು ತಿಂಗಳಿಂದ ಬಿದ್ದಿದ್ದು ಹಾಗೆಯೇ ಸಿಕ್ಕಿತು.

ಇದೂ ಜಾಬ್ ವರ್ಕ್ ಆಗುತ್ತದೆಯೇ?

ಕಿರ್ದಿ_ಖಾತೆ

ತಂಗಿ, ಇದೇ ಜಾಬ್ ವರ್ಕ್. ನಿಮ್ಮ ಮಾಲು, ಬೇರೆಯವರ ಕೈಕೆಲಸ, ಚಲನ್ ಮೇಲೆ ಹೋಗಿ ಮರಳಿ ಬರುವುದು. ಆ ನೋಟ್‌ಬುಕ್ಕಿನ ಐದು ಅಂಕಣಗಳೇ ನಮ್ಮ ಘಟಕದ ರಿಜಿಸ್ಟರಿನಲ್ಲೂ ಇವೆ. ನಮ್ಮಲ್ಲಿ ತೂಕದ ಅಂಕಣ ಒಂದು ಹೆಚ್ಚು, ಏಕೆಂದರೆ ಕಡೆದಾಗ ಲೋಹ ಉದುರಿ ತೂಕ ಇಳಿಯುತ್ತದೆ.

ಎರಡೂ ಪತ್ರಗಳಲ್ಲಿ ಇಲ್ಲದ ಈ ಮಾತು ಎರಡಕ್ಕಿಂತಲೂ ಬಲವಾದದ್ದು.

ಹಳೇ_ಮಾಸ್ತರ್

ಭೇಷ್! ಮೂವತ್ತು ವರ್ಷ ಪಾಠ ಮಾಡಿದರೂ ಇದೇ ಗೋಳು. ಮಕ್ಕಳಿಗೆ ಗೊತ್ತಿರುತ್ತದೆ, ಪ್ರಶ್ನೆಯಲ್ಲಿ ಹೆಸರು ಬೇರೆ ಇದ್ದರೆ ಬಿಟ್ಟು ಬರುತ್ತಾರೆ.

ವೈಟ್‌ಫೀಲ್ಡ್_ವಾಸಿ

ಈಗ ಒಂದು ಭಿನ್ನಾಭಿಪ್ರಾಯ. 14 ತಿಂಗಳ ಬಿಡುವನ್ನು ಪತ್ರದಲ್ಲಿ ಹೇಳಲೇಬೇಡಿ. ಬಯೋಡೇಟಾದಲ್ಲಿ ತಾರೀಖು ಇದೆ, ಕೇಳಿದರೆ ಹೇಳಿ. ಪತ್ರ ಎಂಬುದು ನಿಮ್ಮ ಬಲವನ್ನು ತೋರಿಸುವ ಜಾಗ. ಅಲ್ಲಿ ಮನೆಯ ಕಷ್ಟ ತಂದರೆ ಓದುವವರ ಮನಸ್ಸಿನಲ್ಲಿ "ನಾಳೆ ಮತ್ತೆ ಬಿಟ್ಟು ಹೋಗುತ್ತಾಳೆ" ಎಂಬ ಬೀಜ ಬಿತ್ತಿದಂತೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು, ಬೇಸರವಾದರೂ ನಿಜ.

ಕಿರ್ದಿ_ಖಾತೆ

ನಾನು ಒಪ್ಪುವುದಿಲ್ಲ. ತಾರೀಖು ನೋಡಿದ ಕೂಡಲೇ ನಾನೇ ಕಾರಣ ಊಹಿಸುತ್ತೇನೆ, ಮತ್ತು ನನ್ನ ಊಹೆ ನಿಜಕ್ಕಿಂತ ಕೆಟ್ಟದಾಗಿಯೇ ಇರುತ್ತದೆ. ಹಣದ ವಿಷಯದಲ್ಲಿ ಏನೋ ಆಗಿ ತೆಗೆದುಹಾಕಿದ್ದಾರೆಯೇ ಎಂಬುದು ಲೆಕ್ಕದವರ ಬಗ್ಗೆ ಬರುವ ಮೊದಲ ಅನುಮಾನ. ಒಂದೇ ಸಾಲು ಸಾಕು: ತಂದೆಯ ಅನಾರೋಗ್ಯಕ್ಕಾಗಿ ಬಿಟ್ಟೆ, ಈಗ ಆ ಹೊಣೆ ಇಲ್ಲ. "ಅನೇಕ ಕಷ್ಟಗಳು" ಬೇಡ. ಹಳೆಯ ಮಾಲೀಕರು ಮಾತನಾಡಲು ಒಪ್ಪಿದರೆ ಅವರ ಫೋನ್ ಸಂಖ್ಯೆ ಬಯೋಡೇಟಾದಲ್ಲಿ ಇದೆ ಎಂದು ಸೇರಿಸಿ.

ನಿಂಬೆಹುಳಿ

ನನ್ನ ಅನುಭವ ಹೇಳುತ್ತೇನೆ. ಬಾಣಂತನದ ನಂತರ ಎರಡು ವರ್ಷದ ಬಿಡುವನ್ನು ಪತ್ರದಲ್ಲೇ ಬರೆದೆ. ಮೂರು ಕಡೆ ಕರೆಯಲೇ ಇಲ್ಲ. ತೆಗೆದುಹಾಕಿದ ಮೇಲೆ ನಾಲ್ಕನೆಯ ಕಡೆ ಕರೆದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಆ ಎರಡು ವರ್ಷದ್ದು! ಎದುರಿಗೆ ಕುಳಿತು ಹೇಳಿದಾಗ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಹಾಗಾಗಿ ನಾನು ವೈಟ್‌ಫೀಲ್ಡ್‌ನವರ ಪಕ್ಷ.

ಕಿರ್ದಿ_ಖಾತೆ

ನಿಮ್ಮ ಅನುಭವವನ್ನು ಅಲ್ಲಗಳೆಯುವುದಿಲ್ಲ. ನನ್ನ ಮೇಜಿನ ಮಾತು ನಾನು ಹೇಳಿದೆ. ಬೇರೆ ಮೇಜುಗಳೂ ಇವೆ.

ಟ್ಯಾಲಿ_ಪಂಡಿತ

ಸಂಬಳ ಎಷ್ಟು ಬೇಕು ಎಂದು ಪತ್ರದಲ್ಲಿ ಹಾಕಬೇಕೇ?

ಚಹಾ_ಒಂದೂವರೆ

ಕೇಳದಿದ್ದರೆ ಹಾಕಬಾರದು. ಕೇಳಿದ್ದರೆ ಹಾಕದಿರಬಾರದು. ಇಲ್ಲಿ ಕೇಳಿಲ್ಲ.

ಪರಿಶೋಧಕರ_ಪಕ್ಕದಮನೆ

ಇನ್ನೊಂದು ಸಣ್ಣ ಮಾತು, ಆದರೆ ಮುಖ್ಯ. ಪತ್ರವನ್ನು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳುಹಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ "ಕನ್ನಡ" ಎಂಬುದು `PÀ£ÀßqÀ` ಎಂದು ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು ಪಿಡಿಎಫ್ ಮಾಡಿ.

ಕಿರ್ದಿ_ಖಾತೆ

ನನ್ನ 38ರಲ್ಲಿ ಎರಡು ಅರ್ಜಿ ಹಾಗೆಯೇ ತೆರೆದುಕೊಂಡವು. ಒಬ್ಬರಿಗೆ ಫೋನ್ ಮಾಡಿ ಮತ್ತೆ ತರಿಸಿಕೊಂಡೆ. ಇನ್ನೊಬ್ಬರ ಫೋನ್ ಸಂಖ್ಯೆಯೂ ಪತ್ರದ ಒಳಗೇ, ಕನ್ನಡ ಅಂಕಿಗಳಲ್ಲಿ ಇತ್ತು. ಪಾಪ. ಫೈಲಿಗೆ "ಹೊಸದು-ಕೊನೆಯದು-2" ಎಂದು ಹೆಸರಿಡಬೇಡಿ, ನಿಮ್ಮ ಹೆಸರನ್ನೂ ಹುದ್ದೆಯನ್ನೂ ಇಡಿ.

ಗದಗಿನ_ಹುಡುಗಿ

ನನ್ನದು "ಅಣ್ಣ ತಿದ್ದಿದ್ದು" ಎಂದಿತ್ತು. ಬದಲಿಸಿದೆ.

ರಾತ್ರಿ ಕುಳಿತು ಮತ್ತೆ ಬರೆದೆ. ಆಕಾರ ಎರಡನೆಯದರದ್ದು, ಮಾತು ನನ್ನದು:

> ವಿಷಯ: ಲೆಕ್ಕ ಸಹಾಯಕಿ ಹುದ್ದೆಗೆ ಅರ್ಜಿ (ಟ್ಯಾಲಿ, ಜಿಎಸ್‌ಟಿ ತಾಳೆ, ಜಾಬ್ ವರ್ಕ್ ಚಲನ್: ನಾಲ್ಕು ವರ್ಷ)
> ಮಾನ್ಯರೇ,
> ಗದಗಿನ ಹಾರ್ಡ್‌ವೇರ್ ಸಗಟು ಮಳಿಗೆಯೊಂದರಲ್ಲಿ ಜೂನ್ 2020ರಿಂದ ಮೇ 2024ರವರೆಗೆ ಲೆಕ್ಕ ಸಹಾಯಕಿಯಾಗಿದ್ದೆ. ತಿಂಗಳಿಗೆ ಸುಮಾರು 600 ಬಿಲ್‌ಗಳನ್ನು ಟ್ಯಾಲಿಯಲ್ಲಿ ನಮೂದಿಸುವುದು ಮತ್ತು ಬ್ಯಾಂಕ್ ತಾಳೆ ನನ್ನ ಕೆಲಸ.
> ಪೌಡರ್ ಕೋಟಿಂಗ್‌ಗೆ ಹೊರಗೆ ಹೋಗುವ ಗ್ರಿಲ್, ಗೇಟುಗಳ ಚಲನ್ ನಾನೇ ಬರೆಯುತ್ತಿದ್ದೆ. ಹೋದದ್ದು, ಬಂದದ್ದು, ಬಾಕಿ ಉಳಿದದ್ದು ತಿಳಿಯಲು ಒಂದು ಪುಸ್ತಕ ಆರಂಭಿಸಿದೆ. ಮೂರು ತಿಂಗಳಿಂದ ಮರಳದೆ ಉಳಿದಿದ್ದ 12 ಗ್ರಿಲ್‌ಗಳು ಅದರಿಂದ ಪತ್ತೆಯಾದವು.
> ಜಿಎಸ್‌ಟಿ ರಿಟರ್ನ್‌ಗೆ ಬೇಕಾದ ಪಟ್ಟಿಗಳನ್ನು ಸಿದ್ಧಪಡಿಸಿ, 2ಬಿ ಜೊತೆ ತಾಳೆ ನೋಡಿ ಲೆಕ್ಕ ಪರಿಶೋಧಕರಿಗೆ ಕೊಡುತ್ತಿದ್ದೆ. ಒಬ್ಬ ಸರಬರಾಜುದಾರರು ಏಳು ಬಿಲ್‌ಗಳಿಗೆ ಬೇರೊಬ್ಬರ ಜಿಎಸ್‌ಟಿ ಸಂಖ್ಯೆ ಹಾಕಿದ್ದನ್ನು ಫೋನ್ ಮಾಡಿ ವಿಚಾರಿಸಿ ತಿಳಿದುಕೊಂಡು, ಮುಂದಿನ ತಿಂಗಳ ರಿಟರ್ನ್‌ನಲ್ಲಿ ತಿದ್ದಿಸಿದೆ. 41,300 ರೂಪಾಯಿ ಜಮೆ ಬಂದಿತು.
> ತಂದೆಯವರ ಅನಾರೋಗ್ಯದ ಕಾರಣ ಕೆಲಸ ಬಿಟ್ಟಿದ್ದೆ. ಈಗ ಅವರನ್ನು ತಮ್ಮ ನೋಡಿಕೊಳ್ಳುತ್ತಿದ್ದಾನೆ. ಒಂದು ವಾರದೊಳಗೆ ಸೇರಬಲ್ಲೆ. ಹಿಂದಿನ ಮಾಲೀಕರ ಒಪ್ಪಿಗೆ ಪಡೆದು ಅವರ ಫೋನ್ ಸಂಖ್ಯೆಯನ್ನು ಬಯೋಡೇಟಾದಲ್ಲಿ ಕೊಟ್ಟಿದ್ದೇನೆ.
> ಇಂತಿ ತಮ್ಮ ವಿಶ್ವಾಸಿ

ಕಿರ್ದಿ_ಖಾತೆ

ಮೂರಕ್ಕೂ ಗೆರೆ ಎಳೆದೆ. ಜಾಬ್ ವರ್ಕ್ ಅನ್ನು ಜಿಎಸ್‌ಟಿಗಿಂತ ಮೇಲೆ ಇಟ್ಟದ್ದು ಒಳ್ಳೆಯ ಯೋಚನೆ. ಒಂದೇ ತಿದ್ದುಪಡಿ: "ಚಲನ್" ಪಕ್ಕದಲ್ಲಿ "ಜಾಬ್ ವರ್ಕ್" ಎಂಬ ಪದವನ್ನು ಪತ್ರದ ಒಳಗೂ ಒಮ್ಮೆ ಬರೆಯಿರಿ. ವಿಷಯದ ಸಾಲನ್ನು ಹಾರಿಸಿ ಓದುವವರಿದ್ದಾರೆ. ಆ ನೋಟ್‌ಬುಕ್ ಅಂಗಡಿಯದು, ಅದನ್ನು ಕೇಳಿ ತರಬೇಡಿ. ಅಂಕಣಗಳನ್ನು ಬಿಳಿ ಹಾಳೆಯಲ್ಲಿ ಎಳೆದು ತೋರಿಸಲು ಬಂದರೆ ಸಾಕು.

ವೈಟ್‌ಫೀಲ್ಡ್_ವಾಸಿ

"ತಮ್ಮ ನೋಡಿಕೊಳ್ಳುತ್ತಿದ್ದಾನೆ" ಎಂಬುದನ್ನು ನಾನಾಗಿದ್ದರೆ ಈಗಲೂ ತೆಗೆಯುತ್ತಿದ್ದೆ. ಉಳಿದದ್ದು ಚೆನ್ನಾಗಿದೆ.

ಹಳೇ_ಮಾಸ್ತರ್

"ವಿಧೇಯಳು" ಹೋಗಿ "ವಿಶ್ವಾಸಿ" ಬಂತು. ಇರಲಿ, ಅದೂ ನಾನೇ ಕಲಿಸಿದ್ದು.

ಗದಗಿನ_ಹುಡುಗಿ

ತಮ್ಮನ ಸಾಲನ್ನು "ಈಗ ಆ ಹೊಣೆ ಇಲ್ಲ" ಎಂದು ಮಾಡಿದೆ. ಜಾಬ್ ವರ್ಕ್ ಪದ ಸೇರಿಸಿದೆ. ಬೆಳಿಗ್ಗೆ ಹತ್ತಕ್ಕೆ ಕಳುಹಿಸಿದೆ. ಚಿಕ್ಕಪ್ಪನ ಮಗನಿಗೆ ಇನ್ನೂ ಹೇಳಿಲ್ಲ.

ರಾಣೆಬೆನ್ನೂರು_ಅಪ್ಪ

ಇದನ್ನೆಲ್ಲ ಓದಿ ಮಗನ ಪತ್ರ ತೆಗೆದು ನೋಡಿದೆ. ಅದರಲ್ಲೂ "ಶೇ. 100" ಎಂದಿದೆ. ಯಾವುದರ ಶೇ. 100 ಎಂದು ಕೇಳಿದರೆ ಎದ್ದು ಹೊರಗೆ ಹೋದ.